ಶುಗರ್ 500 ಹತ್ತಿರ ಇದ್ದರೂ ಇನ್ಸುಲಿನ್ ಯಾಕೆ ತಡ?

"ಅಕ್ಕಾ, ಕೀಟೋಆಸಿಡೋಸಿಸ್ ಪೇಷೆಂಟು, ಶುಗರ್ 500 ಹತ್ತಿರ ಇದೆ. ಡಾಕ್ಟರು ಪೊಟ್ಯಾಶಿಯಂ ರಿಪೋರ್ಟ್ ಬರೋವರೆಗೂ ಇನ್ಸುಲಿನ್ ಬೇಡ ಅಂತಾರೆ. ಅಲ್ಲಿವರೆಗೂ ಸುಮ್ನೆ ಕಾಯೋದಾ?"

ಸುಮ್ನೆ ಅಲ್ಲ, ಅಷ್ಟು ಹೊತ್ತು ಸಲೈನ್ ಓಡಬೇಕು. ಈ ರೋಗಿಗಳು ಮೂತ್ರದಲ್ಲಿ, ವಾಂತಿಯಲ್ಲಿ ಲೀಟರುಗಟ್ಟಲೆ ನೀರು ಕಳೆದುಕೊಂಡು ಬಂದಿರುತ್ತಾರೆ. ಸಲೈನ್ ಹೋದರೆ ಬಿಪಿ ನಿಲ್ಲುತ್ತದೆ, ಶುಗರ್ ಕೂಡ ಇಳಿಯತೊಡಗುತ್ತದೆ.

ನೀರಿನ ಜೊತೆ ಪೊಟ್ಯಾಶಿಯಂ ಕೂಡ ಹೋಗಿರುತ್ತದೆ. ಆದರೆ ಇನ್ಸುಲಿನ್ ಇಲ್ಲದೆ, ಆಸಿಡ್ ಹೆಚ್ಚಾಗಿ, ಜೀವಕೋಶದ ಒಳಗಿನ ಪೊಟ್ಯಾಶಿಯಂ ರಕ್ತಕ್ಕೆ ಬಂದು ನಿಂತಿರುತ್ತದೆ. ಹಾಗಾಗಿ ರಿಪೋರ್ಟ್ 4.5 ಅಂದರೂ ಮೈಯಲ್ಲಿ ಕೊರತೆ ಇದ್ದೇ ಇರುತ್ತದೆ. ಇನ್ಸುಲಿನ್ ಕೊಟ್ಟ ಕೂಡಲೇ ಅದು ಮತ್ತೆ ಒಳಗೆ ಓಡುತ್ತದೆ. ಮೊದಲೇ 3.5ಕ್ಕಿಂತ ಕಡಿಮೆ ಇದ್ದರೆ ಹೃದಯದ ಬಡಿತವೇ ಹದ ತಪ್ಪಬಹುದು. ನನಗೆ ಭಯ ಇರುವುದು ಶುಗರ್ ಬಗ್ಗೆ ಅಲ್ಲ, ಇದರ ಬಗ್ಗೆ.

ಹಾಸನದ ನಮ್ಮ ವಾರ್ಡಿಗೆ ಸಕಲೇಶಪುರ ಕಡೆಯ ಒಬ್ಬ ಹುಡುಗ ಬಂದಿದ್ದ. ಐವತ್ತು ಕೆಜಿ, ಎರಡು ದಿನದಿಂದ ವಾಂತಿ, ಶುಗರ್ 486. ಮೊದಲ ಗಂಟೆಯಲ್ಲಿ ಒಂದು ಲೀಟರ್ ಸಲೈನ್ ಹೋಯಿತು. ಅಷ್ಟರಲ್ಲಿ ರಿಪೋರ್ಟ್ ಬಂತು: ಪೊಟ್ಯಾಶಿಯಂ 3.1. ಇಸಿಜಿಯಲ್ಲಿ ಟಿ ವೇವ್ ಚಪ್ಪಟೆ. ಡಾಕ್ಟರು ಇನ್ಸುಲಿನ್ ತಡೆದರು. ಮೂತ್ರ ಚೆನ್ನಾಗಿ ಹೋಗುತ್ತಿದೆ ಅಂತ ನೋಡಿಕೊಂಡು, ಮುಂದಿನ ಲೀಟರ್ ಸಲೈನ್‌ಗೆ ಎರಡು ಆಂಪುಲ್ ಪೊಟ್ಯಾಶಿಯಂ ಕ್ಲೋರೈಡ್ ಹಾಕಿಸಿದರು. ಒಟ್ಟು 40 ಮಿಲಿಈಕ್ವಿವಲೆಂಟ್, ಎರಡು ಗಂಟೆಯಲ್ಲಿ, ಪಂಪಿನಲ್ಲಿ, ಮಾನಿಟರ್ ಹಾಕಿಕೊಂಡು.

ಇಲ್ಲೊಂದು ಮಾತು. ಆಂಪುಲ್ ಹಾಕಿದ ಮೇಲೆ ಬಾಟಲಿಯನ್ನು ನಾಲ್ಕೈದು ಸಲ ತಲೆಕೆಳಗು ಮಾಡಿ ಬೆರೆಸಿ. ತೂಗುತ್ತಿರುವ ಬಾಟಲಿಗೆ ಹಾಕಿಬಿಟ್ಟರೆ ಅದು ತಳದಲ್ಲೇ ಕೂತು, ಗಟ್ಟಿಯಾಗಿ ಮೊದಲು ರೋಗಿಗೇ ಹೋಗುತ್ತದೆ. ಸಿರಿಂಜಿನಲ್ಲಿ ನೇರವಾಗಿ ನರಕ್ಕೆ ಕೊಡುವುದಂತೂ ಯಾವತ್ತೂ ಇಲ್ಲ, ಹೃದಯ ನಿಂತುಬಿಡುತ್ತದೆ.

ಮರುಪರೀಕ್ಷೆಯಲ್ಲಿ 3.7 ಬಂತು. ಆಗ ಇನ್ಸುಲಿನ್ ಶುರು ಮಾಡಿದೆವು. 50 ಮಿಲಿ ಸಲೈನ್‌ನಲ್ಲಿ 50 ಯೂನಿಟ್ ರೆಗ್ಯುಲರ್, ಅಂದರೆ ಒಂದು ಮಿಲಿಗೆ ಒಂದು ಯೂನಿಟ್. ಲೆಕ್ಕ ಕೆಜಿಗೆ ಗಂಟೆಗೆ 0.1 ಯೂನಿಟ್, ಅವನಿಗೆ ಗಂಟೆಗೆ 5 ಮಿಲಿ. ಇನ್ಸುಲಿನ್ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ, ಅದಕ್ಕೇ ಮೊದಲು ಟ್ಯೂಬಿನಲ್ಲಿ ಸ್ವಲ್ಪ ಹರಿಸಿ ಚೆಲ್ಲಿದೆವು. ಸಲೈನಿನಲ್ಲಿ ಪೊಟ್ಯಾಶಿಯಂ ಹೋಗುತ್ತಲೇ ಇತ್ತು. ಆದರೂ ಎರಡು ಗಂಟೆ ಬಿಟ್ಟು ನೋಡಿದರೆ 3.5! ಡಾಕ್ಟರಿಗೆ ಕೂಡಲೇ ಹೇಳಿದೆವು, ಅವರು ಪೊಟ್ಯಾಶಿಯಂ ಡೋಸ್ ಹೆಚ್ಚಿಸಿದರು. ಶುಗರ್ ಗಂಟೆಗೊಮ್ಮೆ ನೋಡುತ್ತೀವಿ ಅಲ್ವಾ, ಪೊಟ್ಯಾಶಿಯಂ ಕೂಡ ಶುರುವಿನಲ್ಲಿ ಎರಡು ಗಂಟೆಗೊಮ್ಮೆ ನೋಡಬೇಕಾದ್ದು ಇದಕ್ಕೇ.

ರಕ್ತ ತೆಗೆಯುವುದು ಡ್ರಿಪ್ ಇಲ್ಲದ ಕೈಯಿಂದ. ಪಟ್ಟಿ ಬಿಗಿಯಾಗಿ ಕಟ್ಟಿ, ಜೋರಾಗಿ ಎಳೆದರೆ ರಕ್ತಕಣ ಒಡೆದು ಪೊಟ್ಯಾಶಿಯಂ ಸುಳ್ಳೇ ಜಾಸ್ತಿ ತೋರಿಸುತ್ತದೆ. 3.1 ಇರುವವನದು 4 ಅಂತ ಬಂದರೆ ನಾವು ಇನ್ಸುಲಿನ್ ಹಚ್ಚಿಬಿಡುತ್ತೇವೆ. ಲ್ಯಾಬಿನವರು ಸ್ಯಾಂಪಲ್ ಹೀಮೊಲೈಸ್ ಆಗಿದೆ ಅಂದರೆ ಬೇಜಾರು ಮಾಡಿಕೊಳ್ಳದೆ ಇನ್ನೊಂದು ತೆಗೆದು ಕಳಿಸಿ.