ಕೈ ನಡುಗದ ಪೇಷಂಟ್

ಕೇಸ್ ಶೀಟಿನಲ್ಲಿ ‘ಕೊನೆಯ ಸಲ ಕುಡಿದದ್ದು ಯಾವಾಗ’ ಅಂತ ಒಂದು ಕಾಲಂ ಇದೆ. ಹುಬ್ಬಳ್ಳಿಯ ನಮ್ಮ ಡಿ-ಅಡಿಕ್ಷನ್ ವಾರ್ಡಿನಲ್ಲಿ ಮನೆಯವರು ಹೇಳಿದ್ದನ್ನೇ ಅಲ್ಲಿ ಬರೆದು ಮುಂದೆ ಹೋಗುವುದು ರೂಢಿಯಾಗಿತ್ತು. ಬ್ಯಾಡಗಿ ಮಾರ್ಕೆಟ್ಟಿನ ಹಮಾಲರೊಬ್ಬರು ಅಡ್ಮಿಟ್ ಆಗುವ ತನಕ.

ಸೋಮವಾರ ಮಧ್ಯಾಹ್ನ ಬಂದರು. "ಶನಿವಾರ ರಾತ್ರಿನ ಕಡೀದು ರೀ ಸಿಸ್ಟರ್, ಆಮ್ಯಾಲೆ ಮುಟ್ಟಿಲ್ಲ" ಅಂದ ತಮ್ಮ. ಕೈ ಮುಂದೆ ಚಾಚಿಸಿ ನೋಡಿದೆವು, ನಡುಕವಿಲ್ಲ. ಕುಡಿತ ಬಿಟ್ಟಾಗಿನ ತೊಂದರೆ ಅಳೆಯುವ ಸೀವಾ ಸ್ಕೋರ್ ಐದೂ ದಾಟಲಿಲ್ಲ. ಒಂದೂವರೆ ದಿನ ಆಗಿಯೂ ಇಷ್ಟೇ ಅಂದರೆ ಹಗುರ ಕೇಸ್ ಅಂತ ಆ ತೊಂದರೆ ತಡೆಯುವ ಲಿಬ್ರಿಯಂ ಗುಳಿಗೆ 10 ಎಂಜಿ ಮೂರು ಹೊತ್ತು ಬರೆದರು, ಥಯಾಮಿನ್ ಇಂಜೆಕ್ಷನ್ ಶುರುವಾಯಿತು, ಬೆಡ್ ಕೊಟ್ಟದ್ದು ಕಡೇ ಮೂಲೆಯಲ್ಲಿ.

ಸುಳಿವು ಇದ್ದದ್ದೇ ಆ ನಡುಗದ ಕೈಯಲ್ಲಿ. ದಿನಾ ಬೆಳಿಗ್ಗೆ ಎದ್ದು ಕುಡಿಯುವವರಿಗೆ ಬಿಟ್ಟ ಆರರಿಂದ ಹನ್ನೆರಡು ತಾಸಿನೊಳಗೆ ಸಾಮಾನ್ಯವಾಗಿ ನಡುಕ, ಬೆವರು, ವಾಕರಿಕೆ ಬಂದೇ ಬರುತ್ತವೆ. ಇವರಿಗೆ ಬಂದದ್ದು ಸೋಮವಾರ ರಾತ್ರಿ. ನಿದ್ದೆಯಿಲ್ಲ, ನಾಡಿ 110. ಹೊಸ ಜಾಗ, ಗಾಬರಿ ಇರಬೇಕು ಅಂತ ನೈಟ್ ರಿಪೋರ್ಟಿನಲ್ಲಿ ಬರೆದದ್ದಾಯಿತು.

ಮಂಗಳವಾರ ಮಧ್ಯಾಹ್ನ ಊಟದ ಟ್ರಾಲಿ ಬರುವಾಗ ಫಿಟ್ಸ್. ಪಕ್ಕಕ್ಕೆ ಹೊರಳಿಸಿ, ಸಕ್ಷನ್ ಹಾಕಿ, ಲೋರಾಜೆಪಾಮ್ ನರಕ್ಕೆ ಕೊಡುವಷ್ಟರಲ್ಲಿ ಒಂದೂವರೆ ನಿಮಿಷ ಆಗಿತ್ತೋ ಏನೋ, ನಮಗೆ ಮಾತ್ರ ಮುಗಿಯದಂತಿತ್ತು. ಆಗ ಹೆಂಡತಿ ಬಾಯಿಬಿಟ್ಟರು: "ನಿನ್ನೆ ಮುಂಜಾನೆ ಬಸ್‌ಸ್ಟ್ಯಾಂಡಿನ್ಯಾಗ ಎರಡು ಪಾಕೀಟ ಕುಡದಾನ್ರೀ. ಇಲ್ಲಂದ್ರ ಬಸ್ಸ ಹತ್ತಾಂಗಿಲ್ಲ ಅಂದ." ನಮ್ಮ ಲೆಕ್ಕದಲ್ಲಿ ಮೂರನೇ ದಿನ, ಅವರ ದೇಹಕ್ಕೆ ಬರೀ ಮೂವತ್ತು ತಾಸು. ಫಿಟ್ಸಿಗೆ ತಕ್ಕ ಹೊತ್ತೇ.

ತಮ್ಮನ ಮೇಲೆ ಸಿಟ್ಟು ಬರಲಿಲ್ಲ, ಕುಡಿದವರನ್ನು ಸೇರಿಸಿಕೊಳ್ಳುವುದಿಲ್ಲ ಅಂತ ಅವನಿಗೆ ಯಾರೋ ಹೆದರಿಸಿದ್ದರು. ಸಿಟ್ಟು ಬಂದದ್ದು ಊದಿಸಿ ನೋಡುವ ಮಷೀನ್ ಬ್ಯಾಟರಿ ಇಲ್ಲದೆ ಕಪಾಟಿನಲ್ಲಿ ಬಿದ್ದಿದ್ದಕ್ಕೆ.

ಗಡಿಯಾರ ತಿದ್ದಿಕೊಂಡದ್ದರಿಂದ ಮುಂದಿನದಕ್ಕೆ ತಯಾರಿದ್ದೆವು. ಡೋಸ್ ಏರಿಸಿ, ಬೆಡ್ಡನ್ನು ನರ್ಸಿಂಗ್ ಸ್ಟೇಷನ್ ಎದುರಿಗೆ ತಂದೆವು. ಬುಧವಾರ ರಾತ್ರಿ ಚಾದರದಿಂದ ಇಲ್ಲದ ದಾರ ಎಳೆದು, ಇಲ್ಲದ ದಬ್ಬಣದಿಂದ ಮೆಣಸಿನಕಾಯಿ ಚೀಲ ಹೊಲಿಯತೊಡಗಿದರು. ಇದು ಯಾವ ಊರು ಅಂದರೆ ಮಾರ್ಕೆಟ್ಟು ಅಂದರು, ಹೆಂಡತಿಯ ಗುರುತೂ ಹತ್ತಲಿಲ್ಲ. ನಾಡಿ 130, ಮೈ ಬಿಸಿ. ಇರುವೆಯೋ ಹಾವೋ ಕಂಡರೂ ಊರು-ದಿನದ ಅರಿವಿದ್ದರೆ ಅದು ಬೇರೆ. ಅರಿವೇ ತಪ್ಪಿ ಜ್ವರ, ನಾಡಿ ಏರಿದರೆ ಡಿಟಿ, ಅಂದರೆ ಡೆಲಿರಿಯಂ ಟ್ರೆಮೆನ್ಸ್, ಜೀವಕ್ಕೇ ಅಪಾಯ. ಐಸಿಯುಗೆ ಕಳಿಸಿದೆವು.

ಶುಕ್ರವಾರ ಸಂಜೆ ಗಾಢ ನಿದ್ದೆ. ಶನಿವಾರ ರೊಟ್ಟಿ ಕೇಳಿದರು, ಚೀಲ ಹೊಲಿದದ್ದು ಒಂದಿಷ್ಟೂ ನೆನಪಿರಲಿಲ್ಲ. ಭಾನುವಾರ ವಾರ್ಡಿಗೆ ವಾಪಸ್, ಗುಳಿಗೆ ದಿನಕ್ಕಿಷ್ಟು ಇಳಿಸುತ್ತ ಹೋದೆವು.

ಈಗ ಆ ಕಾಲಂಗೆ ತಾಸು ಸಮೇತ ಬರೆಯುತ್ತೇವೆ. ಪೇಷಂಟನ್ನೊಮ್ಮೆ, ಹೆಂಡತಿಯನ್ನೊಮ್ಮೆ ಬೇರೆ ಬೇರೆ ಕರೆದು, ಕುಡಿದಿದ್ದರೂ ಸೇರಿಸಿಕೊಳ್ಳುತ್ತೇವೆ ಅಂತ ಮೊದಲೇ ಹೇಳಿ ಕೇಳುತ್ತೇವೆ.