ಅಳವಂಡಿ ರೋಡಿನ ಮೇಲೊಂದು ಭಾಷಣ

ಸೆಪ್ಟೆಂಬರ್ 17ಕ್ಕೆ ಕೊಪ್ಪಳದ ಒಂದು ಶಾಲೆಯಲ್ಲಿ ಹೈದರಾಬಾದ್ ವಿಮೋಚನೆಯ ಬಗ್ಗೆ ಮಾತಾಡಬೇಕಿತ್ತು. ನಾಲ್ಕು ಪುಟ ಬರೆದುಕೊಂಡು ನಮ್ಮ ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೆ ತೋರಿಸಿದೆ. ಅವರು ಹಾಳೆ ಮಡಚಿ ತಮ್ಮ ಜೇಬಿಗೇ ಹಾಕಿಕೊಂಡರು. "ಓದಬ್ಯಾಡವ್ವಾ, ಹೇಳು. ನೀನು ದಿನಾ ಮುಂಡರಗಿ ಬಸ್ಸಿಗೆ ಹೋಗ್ತೀಯಲ್ಲ, ಆ ದಾರಿ ಮ್ಯಾಲೇ ಹೇಳು."

ವಿಷಯ ಆ ದಾರಿಗೆ ಸರಿಯಾಗಿ ಹೊಂದುತ್ತಿತ್ತು. ಆಗ ಕೊಪ್ಪಳ ನಿಜಾಮರ ಕೈಯಲ್ಲಿತ್ತು, ಮುಂಡರಗಿ ಮುಂಬೈ ಪ್ರಾಂತ್ಯದಲ್ಲಿ. ಹೋರಾಟಗಾರರು ಗಡಿ ದಾಟಿ ಅಲ್ಲಿ ಶಿಬಿರ ಮಾಡಿದ್ದರು. ಹಾಗಾಗಿ ದಾರಿಯ ಒಂದೊಂದು ಜಾಗದಲ್ಲಿ ನೆನಪಿಗಾಗಿ ಮನಸ್ಸಿನಲ್ಲೇ ಒಂದೊಂದು ಪದ ಇಡುತ್ತಾ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ 'ಬಾವುಟ' ಇಟ್ಟೆ: 1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ, ನಮಗಿಲ್ಲ. ಊರ ಹೊರಗೆ 'ರಜಾಕಾರ', ಅಂದರೆ ನಿಜಾಮರ ಪರ ನಿಂತಿದ್ದ ಖಾಸಗಿ ಪಡೆಯವರು. ಅಳವಂಡಿಯಲ್ಲಿ 'ಸ್ವಾಮಿ', ಅಂದರೆ ಶಿಬಿರದ ಮುಂದಾಳು ಶಿವಮೂರ್ತಿಸ್ವಾಮಿ ಅಳವಂಡಿ. ಮುಂಡರಗಿಯಲ್ಲಿ 'ಶಿಬಿರ'. ವಾಪಸ್ ಬರುವ ದಾರಿಯಲ್ಲಿ 'ಸೈನ್ಯ', ಅಂದರೆ ಭಾರತದ ಸೈನ್ಯ.

ಮೊದಲು ನಾನು 'ಅನ್ಯಾಯ', 'ತ್ಯಾಗ' ಅಂತ ಇಟ್ಟಿದ್ದೆ. ಅವು ನಿಲ್ಲಲಿಲ್ಲ. ಕಣ್ಣಿಗೆ ಕಾಣದ ಪದ ಎಲ್ಲಿಟ್ಟರೂ ಜಾರುತ್ತದೆ, ಒಂದರ ಜಾಗಕ್ಕೆ ಇನ್ನೊಂದು ಬರುತ್ತದೆ. ಬಾವುಟ ಹಾಗಲ್ಲ, ಕಾಣುತ್ತದೆ.

ಮನೆಯಲ್ಲಿ ಹೇಳಿ ನೋಡುವಾಗ ತಡವರಿಸುತ್ತಿದ್ದದ್ದು ಒಂದೇ ಕಡೆ, ಶಿಬಿರದಿಂದ ಸೈನ್ಯಕ್ಕೆ ಹೊರಳುವಾಗ. ಎರಡೂ ಗೊತ್ತು, ನಡುವಿನ ಕೊಂಡಿ ಗೊತ್ತಿಲ್ಲ. ಅಲ್ಲಿಗೆ ಪದ ಬಿಟ್ಟು ಪ್ರಶ್ನೆ ಇಟ್ಟೆ: 'ಶಿಬಿರ ಇದ್ದರೂ ಸೈನ್ಯ ಯಾಕೆ ಬೇಕಾಯ್ತು?' ಉತ್ತರ ಹೇಳುತ್ತಾ ಹೋದರೆ ಮಾತು ತಾನೇ ಮುಂದಿನ ನಿಲ್ದಾಣಕ್ಕೆ ಹೋಗುತ್ತಿತ್ತು. ಆಮೇಲೆ ನಮ್ಮ ಮನೆಯವರು ಅಡುಗೆಮನೆ ಬಾಗಿಲಲ್ಲಿ ನಿಂತು ಸುಮ್ನೆ "ಮುಂಡರಗಿ!" ಅನ್ನೋರು. ನಾನು ಒಗ್ಗರಣೆ ಹಾಕುತ್ತಲೇ ಅಲ್ಲಿಂದ ಶುರು ಮಾಡಬೇಕು. ಬಾಯಿಪಾಠ ಮಾಡಿದವರಿಗೆ ಇದು ಆಗಲ್ಲ, ಅವರು ಮತ್ತೆ ಮೊದಲಿನಿಂದ ಬರಬೇಕು.

ತಾರೀಕುಗಳು ಮಾತ್ರ ಊರುಗಳಿಗೆ ಅಂಟಲಿಲ್ಲ. 1948ರ ಸೆಪ್ಟೆಂಬರ್ 13, ಸೈನ್ಯ ಒಳಗೆ ಬಂದದ್ದು. 17, ನಿಜಾಮರ ಶರಣಾಗತಿ. ಇವನ್ನು ಅಂಗೈಯಷ್ಟು ಚೀಟಿಯಲ್ಲಿ ಬರೆದುಕೊಂಡೆ. ಮೊದಲ ವಾಕ್ಯ, ಕೊನೆಯ ವಾಕ್ಯ ಎರಡನ್ನು ಮಾತ್ರ ಅಕ್ಷರ ಬಿಡದೆ ಕಲಿತೆ. ಉಳಿದದ್ದು ಪ್ರತಿ ಸಲ ಬೇರೆ ಮಾತಲ್ಲಿ ಬರುತ್ತಿತ್ತು, ಉದ್ದವೂ ಹೆಚ್ಚುಕಮ್ಮಿ ಆಗುತ್ತಿತ್ತು. ಗಡಿಯಾರ ನೋಡದೆ ಹೇಳಿದರೆ ರಜಾಕಾರರ ಹತ್ತಿರವೇ ಅರ್ಧ ಹೊತ್ತು ಹೋಗುತ್ತಿತ್ತು.

ಆ ದಿನ ಮುಖ್ಯ ಅತಿಥಿ ತಡವಾಗಿ ಬಂದರು. ಮೈಕ್ ಕೈಗೆ ಕೊಡುವಾಗ ಸಂಘಟಕರು ಕಿವಿಯಲ್ಲಿ, "ಮೇಡಂ, ಐದು ನಿಮಿಷದಾಗ ಮುಗಿಸ್ರಿ" ಅಂದರು. ಹತ್ತು ನಿಮಿಷದ ಭಾಷಣ! ಹಾಳೆ ಇದ್ದಿದ್ದರೆ ಎಲ್ಲಿ ಕತ್ತರಿಸಲಿ ಅಂತ ಹುಡುಕಬೇಕಿತ್ತು. ಬಾವುಟದಿಂದ ರಜಾಕಾರರಿಗೆ ಬಂದು, ಬಸ್ಸನ್ನು ಅಳವಂಡಿಯಲ್ಲಿ ನಿಲ್ಲಿಸದೆ ನೇರ ಮುಂಡರಗಿಗೆ ಒಯ್ದೆ. ಯಾರಿಗೂ ಗೊತ್ತಾಗಿರಲಿಕ್ಕಿಲ್ಲ ಅಂದುಕೊಂಡೆ.

ಇಳಿದು ಬರುವಾಗ ಮುಂದಿನ ಸಾಲಿನ ಅಜ್ಜರೊಬ್ಬರು ತಡೆದರು. "ಎಲ್ಲಾ ಚಲೋ ಹೇಳಿದೆವ್ವಾ. ಆದ್ರ ನಮ್ಮ ಅಳವಂಡಿ ಯಾಕ ಬಿಟ್ಟಿ?"