ತಂಗಿಯ ಹತ್ತು ನಿಮಿಷದ ಮೇಕಪ್: ಇಲ್ಲಿಯವರೆಗೆ ಆಗಿದ್ದು

ಚಿಕ್ಕಪ್ಪನ ಮಗಳಿಗೆ ಮಂಡ್ಯದಲ್ಲಿ ಕೆಲಸ ಸಿಕ್ಕಿದೆ. ಇರೋದು ಮೈಸೂರಲ್ಲಿ, ನಮ್ಮ ಹಿಂದಿನ ಬೀದಿಯಲ್ಲೇ. ಬೆಳಗ್ಗೆ ರೈಲು, ಸಂಜೆ ರೈಲು. ಇಷ್ಟು ದಿನ ಪೌಡರು, ಬಿಂದಿ ಬಿಟ್ಟರೆ ಮುಖಕ್ಕೆ ಬೇರೇನೂ ಹಚ್ಚಿದವಳಲ್ಲ. "ಅಕ್ಕ, ಹಚ್ಕೊಂಡಿದ್ದೀನಿ ಅಂತ ಗೊತ್ತಾಗ್ಬಾರ್ದು, ಆದ್ರೆ ನಿದ್ದೆಗೆಟ್ಟೋಳ ಥರಾನೂ ಕಾಣ್ಬಾರ್ದು" ಅಂತ ಬಂದು ಕೂತಳು. ಬೆಳಗ್ಗೆ ಅವಳ ಕೈಯಲ್ಲಿ ಉಳಿಯೋದು ಹತ್ತು ನಿಮಿಷ. ಅಷ್ಟರಲ್ಲಿ ಮುಗಿಯುವ ಒಂದು ಕ್ರಮವನ್ನ ಇಬ್ಬರೂ ಕೂತು ಕಟ್ಟುತ್ತಿದ್ದೇವೆ. ಆಗಿದ್ದನ್ನ ಆಗಿಂದಾಗ್ಗೆ ಇಲ್ಲಿ ಬರೆದಿಡುತ್ತಿದ್ದೇನೆ.

ಯುಗಾದಿಗೆ ಮುಂಚಿನ ಭಾನುವಾರ

ಮೊದಲು ಏನೂ ಹಚ್ಚದೆ ಮುಖ ತೊಳೆಸಿ, ಹಜಾರದ ಕಿಟಕಿ ಹತ್ತಿರ ಕೂರಿಸಿ ನೋಡಿದೆ. ಗೋಧಿಬಣ್ಣಕ್ಕಿಂತ ಗಾಢ, ಎಣ್ಣೆಗಪ್ಪು ಅಂತೀವಲ್ಲ, ಆ ಬಣ್ಣ. ಕೆನ್ನೆ ಒಂದು ಬಣ್ಣ, ಹಣೆ ಮತ್ತು ಬಾಯಿಯ ಸುತ್ತ ಅದಕ್ಕಿಂತ ಗಾಢ. ನಮ್ಮ ಕಡೆಯ ಹೆಚ್ಚಿನ ಮುಖಗಳು ಹೀಗೇ ಇರುತ್ತವೆ. ಮೊಡವೆ ಇಲ್ಲ, ಚರ್ಮ ಚೆನ್ನಾಗಿದೆ. ಆದ್ದರಿಂದ ಮುಖಪೂರ್ತಿ ಫೌಂಡೇಶನ್ ಬೇಡವೇ ಬೇಡ ಅಂತ ಅಲ್ಲೇ ತೀರ್ಮಾನ ಮಾಡಿದೆ. ಕಣ್ಣಿಗೆ ಬೀಳೋದು ಒಂದೇ, ಕಣ್ಣಿನ ಕೆಳಗಿನ ಕಪ್ಪು.

ಅದಕ್ಕೆ ಅವಳು ಮೊದಲೇ ಕಲೆ ಮುಚ್ಚೋ ಕನ್ಸೀಲರ್ ಒಂದನ್ನ ತಂದು ಹಚ್ಚಿ ನೋಡಿದ್ದಳು. ಅಂಗಡಿಯವರು ಅವಳ ಬಣ್ಣಕ್ಕಿಂತ ಎರಡು ಶೇಡ್ ತಿಳಿಯಾದ್ದು ಕೊಟ್ಟಿದ್ದರಂತೆ. "ಬೂದಿ ಮೆತ್ಕೊಂಡಂಗೆ ಕಾಣ್ತದೆ ಕಣಕ್ಕ" ಅಂತ ಫೋಟೊ ತೋರಿಸಿದಳು. ಹಾಗೇ ಆಗೋದು. ಕಣ್ಣಿನ ಕೆಳಗಿನ ಕಪ್ಪಿನಲ್ಲಿ ನೀಲಿ ಮತ್ತು ಕಂದು ಎರಡೂ ಸೇರಿರುತ್ತವೆ. ಅದರ ಮೇಲೆ ನೇರವಾಗಿ ತಿಳಿ ಬಣ್ಣ ಎಳೆದರೆ ಕಪ್ಪು ಹೋಗಲ್ಲ, ಎರಡೂ ಬೆರೆತು ಬೂದು ಬಣ್ಣ ಮೇಲೇಳುತ್ತದೆ. ಬಿಳಿಚರ್ಮದವರಿಗೆ ಹೇಳಿದ ಪಾಠವನ್ನ ನಮ್ಮ ಮುಖದ ಮೇಲೆ ಮಾಡಿದರೆ ಬರೋ ಫಲ ಇದು. ನಮಗೆ ನಡುವೆ ಒಂದು ಪದರ ಬೇಕು: ಕಿತ್ತಳೆ ಬಣ್ಣದ ಕರೆಕ್ಟರ್. ನೀಲಿಗೆ ಎದುರು ಬಣ್ಣ ಕಿತ್ತಳೆ. ಒಂದು ಇನ್ನೊಂದನ್ನ ಅಡಗಿಸುತ್ತದೆ. ತಿಳಿ ಗೋಧಿಬಣ್ಣದವರಿಗೆ ಪೀಚ್ ಸಾಕು, ನಮ್ಮ ತಂಗಿಯಂಥವರಿಗೆ ಕಿತ್ತಳೆ, ಇನ್ನೂ ಗಾಢ ಇದ್ದವರಿಗೆ ಕೆಂಪು ತಿರುಗಿದ ಕಿತ್ತಳೆ.

ಕೊಳ್ಳೋ ಮುಂಚೆ ಇನ್ನೊಂದು ಪರೀಕ್ಷೆ ಮಾಡಿದ್ವಿ. ಕನ್ನಡಿ ಹಿಡಿದು ಕಿಟಕಿಗೆ ಎದುರಾಗಿ ನಿಂತು, ಗಲ್ಲ ಮೇಲೆತ್ತಿ ಬೆಳಕು ನೇರವಾಗಿ ಕಣ್ಣಿನ ಕೆಳಗೆ ಬೀಳುವಂತೆ ಮಾಡಬೇಕು. ಆಗ ಕಪ್ಪು ಮಾಯವಾದರೆ ಅದು ಬಣ್ಣವಲ್ಲ, ಗುಳಿಯ ನೆರಳು. ಅದಕ್ಕೆ ಕರೆಕ್ಟರ್‌ನಿಂದ ಹೆಚ್ಚು ಪ್ರಯೋಜನ ಇಲ್ಲ. ಕಪ್ಪು ಹಾಗೇ ಉಳಿದರೆ ಅದು ಚರ್ಮದ್ದೇ ಬಣ್ಣ, ಕರೆಕ್ಟರ್ ಕೆಲಸ ಮಾಡುತ್ತದೆ. ಇವಳದ್ದು ಮುಕ್ಕಾಲು ಪಾಲು ಬಣ್ಣ, ಮೂಗಿನ ಪಕ್ಕದ ಮೂಲೆಯಲ್ಲಿ ಮಾತ್ರ ಸ್ವಲ್ಪ ಗುಳಿ.

ಹಬ್ಬ ಕಳೆದ ಮೇಲೆ, ಅಂಗಡಿ

ಹಬ್ಬದ ಮರುದಿನವೇ ಹೋಗೋಣ ಅಂದಳು. ಬೇಡ ಅಂದೆ. ಎಣ್ಣೆಸ್ನಾನದಲ್ಲಿ ಹಚ್ಚಿದ ಅರಿಶಿನದ ಹಳದಿ ಮುಖದ ಮೇಲೆ ಇನ್ನೂ ಇತ್ತು. ಆ ಮುಖಕ್ಕೆ ಶೇಡ್ ನೋಡಿ ತಂದರೆ ಹಳದಿ ಇಳಿದ ಮೇಲೆ ಅದು ಹೊಂದಲ್ಲ. ಹಳದಿ ಪೂರ್ತಿ ಹೋದ ಮೇಲೆ ದೇವರಾಜ ಅರಸು ರಸ್ತೆಗೆ ಹೋದ್ವಿ.

ಮುಂಗೈ ಮೇಲೆ ಶೇಡ್ ನೋಡೋದು ಎಲ್ಲ ಅಂಗಡಿಯಲ್ಲೂ ಅಭ್ಯಾಸ. ಆದರೆ ಕೈ ಬಿಸಿಲು ತಿಂದಿರುತ್ತದೆ, ಮುಖದ ಬಣ್ಣ ಅಲ್ಲ. ದವಡೆಯ ಮೇಲೆ, ಕಿವಿಯ ಕೆಳಗಿಂದ ಗಲ್ಲದ ಕಡೆಗೆ ಮೂರು ಶೇಡುಗಳನ್ನ ಬೆರಳಗಲ ಬಿಟ್ಟು ಮೂರು ಗೆರೆ ಎಳೆಸಿದೆ. ಅಂಗಡಿಯ ದೀಪದಲ್ಲಿ ಮೂರೂ ಒಂದೇ ಥರ ಕಂಡವು. ಬಾಗಿಲಿಗೆ ಬಂದು ಹಗಲು ಬೆಳಕಲ್ಲಿ ನೋಡಿದರೆ ಒಂದು ಗುಲಾಬಿ ತಿರುಗಿತ್ತು, ಒಂದು ಬೆಳ್ಳಗೆ ಎದ್ದು ನಿಂತಿತ್ತು, ಒಂದು ಮಾತ್ರ ಚರ್ಮದೊಳಗೆ ಹೋಗಿ ಗೆರೆಯೇ ಕಾಣಲಿಲ್ಲ. ತಕ್ಷಣ ದುಡ್ಡು ಕೊಡಲಿಲ್ಲ. ಅರ್ಧ ಗಂಟೆ ತಿರುಗಾಡಿ, ಕಾಫಿ ಕುಡಿದು ಮತ್ತೆ ನೋಡಿದ್ವಿ. ಮುಖದ ಜಿಡ್ಡು ಮತ್ತು ಗಾಳಿ ಸೇರಿ ಕೆಲವು ಕನ್ಸೀಲರ್‌ಗಳು ಹೊತ್ತು ಕಳೆದಂತೆ ಗಾಢವಾಗುತ್ತವೆ. ಆಯ್ದದ್ದು ಹಾಗೇ ಇತ್ತು. ಮಣಿಕಟ್ಟಿನ ನರದ ಬಣ್ಣ ನೋಡಿ ಶೇಡ್ ಆರಿಸುವ ಉಪಾಯವನ್ನ ನಾನು ಒಪ್ಪಲ್ಲ. ನಮ್ಮ ಬಣ್ಣದ ಚರ್ಮದಲ್ಲಿ ನರಗಳು ಹೆಚ್ಚಾಗಿ ಹಸಿರಾಗೇ ಕಾಣುತ್ತವೆ.

ತಂದ ಸಾಮಾನು ಇಷ್ಟೇ: ಜೆಲ್ ಸನ್‌ಸ್ಕ್ರೀನ್, ಕಿತ್ತಳೆ ಕರೆಕ್ಟರ್, ಕನ್ಸೀಲರ್, ಸಣ್ಣ ಕಾಂಪ್ಯಾಕ್ಟ್, ಗಾಢ ಕಂದು ಹುಬ್ಬಿನ ಪೆನ್ಸಿಲ್, ಕಾಜಲ್, ಒಂದು ಲಿಪ್‌ಸ್ಟಿಕ್. ಬ್ರಶ್ ಒಂದೂ ತಂದಿಲ್ಲ. ಈ ಮಟ್ಟಕ್ಕೆ ಬೆರಳೇ ಚೆನ್ನಾಗಿ ಹೇಳಿದ್ದು ಕೇಳುತ್ತದೆ.

ಕೆಲಸಕ್ಕೆ ಸೇರಿದ ವಾರ

ಎಲ್ಲಕ್ಕಿಂತ ಮೊದಲು ಸನ್‌ಸ್ಕ್ರೀನ್. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಹಿಂಡಿದರೆ ಮುಖಕ್ಕೂ ಕತ್ತಿಗೂ ಸರಿಹೋಗುತ್ತದೆ. ಕಡಿಮೆ ಹಚ್ಚಿದರೆ ಡಬ್ಬಿಯ ಮೇಲೆ ಬರೆದಷ್ಟು ರಕ್ಷಣೆ ಸಿಗಲ್ಲ. ಜೆಲ್ ಯಾಕೆ ಅಂದರೆ, ಜಿಂಕ್ ಆಕ್ಸೈಡ್, ಟೈಟಾನಿಯಂ ಡೈ ಆಕ್ಸೈಡ್ ಇರುವ ಕ್ರೀಮುಗಳು ನಮ್ಮ ಬಣ್ಣದ ಮೇಲೆ ಬಿಳಿ ಪೊರೆ ಬಿಡುತ್ತವೆ. ಕಷ್ಟಪಟ್ಟು ಅಡಗಿಸೋ ಬೂದುಬಣ್ಣವನ್ನ ನಾವೇ ತಂದು ಹಚ್ಚಿದ ಹಾಗಾಗುತ್ತದೆ. ಹಚ್ಚಿ, ತಲೆ ಬಾಚಿಕೊಂಡು ಬಾ ಅಂತೀನಿ. ಅಷ್ಟರಲ್ಲಿ ಅದು ಆರಿರುತ್ತದೆ. ಒದ್ದೆ ಇರುವಾಗಲೇ ಮೇಲೆ ಇನ್ನೊಂದು ಹಚ್ಚಿದರೆ ಉಜ್ಜಿದಾಗ ಸಣ್ಣ ಸಣ್ಣ ಮಣ್ಣಿನ ಎಳೆಗಳಂತೆ ಉರುಳಿ ಬರುತ್ತದೆ. ಅದು ಕಂಡರೆ ಕಾಯೋದು ಕಡಿಮೆಯಾಯಿತು ಅಂತ ಅರ್ಥ.

ಆಮೇಲೆ ಕರೆಕ್ಟರ್. ಒಂದೊಂದು ಕಣ್ಣಿಗೆ ಎರಡು ರಾಗಿಕಾಳಿನಷ್ಟು, ಅದಕ್ಕಿಂತ ಹೆಚ್ಚು ಬೇಡ. ಎಲ್ಲಿ ಕಪ್ಪಿದೆಯೋ ಅಲ್ಲಿ ಮಾತ್ರ, ಕಣ್ಣಿನ ಒಳಮೂಲೆಯಿಂದ ಹೊರಟು ಕಪ್ಪು ಮುಗಿಯುವಲ್ಲಿಗೆ ನಿಲ್ಲಿಸಬೇಕು. ಉಂಗುರದ ಬೆರಳಲ್ಲಿ ತಟ್ಟಬೇಕು, ಎಳೆಯಬಾರದು. ಆ ಬೆರಳಿಗೆ ಬಲ ಕಡಿಮೆ, ಅದಕ್ಕೇ ಆ ಬೆರಳು. ತಟ್ಟುತ್ತಾ ಹೋದಂತೆ ಕಿತ್ತಳೆ ಹೋಗಿ, ಕಪ್ಪು ಮಾಸಿದ ಮಣ್ಣಿನ ಬಣ್ಣಕ್ಕೆ ಬರುತ್ತದೆ. ಕಿತ್ತಳೆ ಇನ್ನೂ ಕಿತ್ತಳೆಯಾಗೇ ಎದ್ದು ಕಂಡರೆ ಹೆಚ್ಚಾಗಿದೆ, ಬೆರಳಿಂದ ಎತ್ತಿ ತೆಗೆಯಬೇಕು. ಅದರ ಮೇಲೆ ಮತ್ತೆ ಎರಡು ರಾಗಿಕಾಳಿನಷ್ಟೇ ಕನ್ಸೀಲರ್, ಅಷ್ಟೇ ಜಾಗಕ್ಕೆ, ಹಾಗೇ ತಟ್ಟೋದು. ಅಂಚನ್ನ ಮಾತ್ರ ಒಂದಿಷ್ಟು ಹೊರಗೆ ತಟ್ಟಿ ಕರಗಿಸಬೇಕು. ಉಳಿದ ಚೂರನ್ನ ಮೂಗಿನ ಪಕ್ಕಕ್ಕೆ, ಬಾಯಿಯ ಮೂಲೆಗೆ ತಟ್ಟೋದು.

ಮೊದಲ ದಿನ ಒಂದು ಕಣ್ಣಿಗೆ ನಾನು ಹಚ್ಚಿ, ಇನ್ನೊಂದನ್ನ ಅವಳ ಕೈಲೇ ಹಚ್ಚಿಸಿದೆ. ನೋಡಿದ ಚಿಕ್ಕಮ್ಮ, "ಏನು ಹಚ್ಚಿದ್ರಿ, ಏನೂ ಕಾಣ್ತಾನೇ ಇಲ್ವಲ್ಲ. ನಿದ್ದೆ ಚೆನ್ನಾಗಿ ಮಾಡಿದ್ಲಾ?" ಅಂತ ಕೇಳಿದರು. ನಮಗೆ ಬೇಕಾಗಿದ್ದ ಮಾತು ಅದೇ.

ಹುಬ್ಬಿಗೆ ಕಪ್ಪು ಪೆನ್ಸಿಲ್ ಬೇಡ, ಕೂದಲು ಎಷ್ಟೇ ಕಪ್ಪಿರಲಿ. ಗಾಢ ಕಂದಿನಲ್ಲಿ ಖಾಲಿ ಇರುವ ಕಡೆ ಮಾತ್ರ ಕೂದಲೆಳೆಯಷ್ಟು ಚಿಕ್ಕ ಗೆರೆ ಹಾಕಿ, ಹಳೇ ಹಲ್ಲುಜ್ಜೋ ಬ್ರಶ್ ತೊಳೆದಿಟ್ಟಿದ್ದರಲ್ಲಿ ಮೇಲಕ್ಕೆ ಬಾಚಿದರೆ ಆಯಿತು. ಲಿಪ್‌ಸ್ಟಿಕ್ ಅವಳ ತುಟಿಯದ್ದೇ ಬಣ್ಣಕ್ಕಿಂತ ಒಂದೇ ಶೇಡ್ ಗಾಢ, ಕಂದು ಗುಲಾಬಿ. ಕಡ್ಡಿಯಿಂದ ನೇರ ಬಳಿಯದೆ ಬೆರಳಲ್ಲಿ ಒತ್ತಿ ಹಚ್ಚಿ, ಬೆರಳಲ್ಲಿ ಉಳಿದದ್ದನ್ನ ನಕ್ಕಾಗ ಉಬ್ಬುವ ಕೆನ್ನೆಯ ಮೇಲೆ ತಟ್ಟುತ್ತಾಳೆ. ಬೇರೆ ಬ್ಲಶ್ ಬೇಕಿಲ್ಲ. ಬಿಂದಿ ಇಡೋ ಜಾಗವನ್ನ ಒಣಬಟ್ಟೆಯಲ್ಲಿ ಒರೆಸಿಕೊಳ್ಳಬೇಕು, ಇಲ್ಲದಿದ್ದರೆ ಸನ್‌ಸ್ಕ್ರೀನ್ ಜಿಡ್ಡಿಗೆ ಅಂಟು ಹಿಡಿಯಲ್ಲ.

ಬಿಸಿಲು ಏರಿದ ಮೇಲೆ

ಮಂಡ್ಯ ತಲುಪುವವರೆಗೆ ಎಲ್ಲ ಚೆನ್ನಾಗಿರುತ್ತದೆ, ಮಧ್ಯಾಹ್ನ ಊಟದ ಹೊತ್ತಿಗೆ ಕಣ್ಣಿನ ಕೆಳಗೆ ಮತ್ತೆ ಕಪ್ಪು ಅಂದಳು. ಕಚೇರಿಯಲ್ಲೇ ಫೋಟೊ ತೆಗೆದು ಕಳಿಸು ಅಂದೆ. ದೊಡ್ಡದು ಮಾಡಿ ನೋಡಿದರೆ ಕನ್ಸೀಲರ್ ಎಲ್ಲೂ ಹೋಗಿರಲಿಲ್ಲ. ರೆಪ್ಪೆಯ ಬುಡದ ಕೆಳಗೆ, ಹೊರಮೂಲೆಯ ಕಡೆ ಮಾತ್ರ ಕಪ್ಪು ಮಸಿ. ಕಾಜಲ್ ಕೆಳಗಿಳಿದಿತ್ತು. ಕಪ್ಪು ಒಳಮೂಲೆಯಲ್ಲಿ ಮರಳಿದರೆ ಕನ್ಸೀಲರ್ ಕರಗಿದೆ, ಹೊರಮೂಲೆಯಲ್ಲಿ ಬಂದರೆ ಕಾಜಲ್ ಜಾರಿದೆ. ಎಲ್ಲಿ ಬಂತು ಅಂತ ನೋಡಿದರೆ ಕಾರಣ ಸಿಗುತ್ತದೆ.

ಕೆಳರೆಪ್ಪೆಯ ಒಳಅಂಚು ಸದಾ ಒದ್ದೆ. ಅಲ್ಲಿ ಹಚ್ಚಿದ ಕಾಜಲ್ ಬೆವರಿನ ದಿನ ನಿಲ್ಲೋದು ಕಷ್ಟ, ಬೆಲೆ ಎಷ್ಟೇ ಇರಲಿ. ಅದನ್ನ ಅಲ್ಲಿಂದ ತೆಗೆಸಿ, ಮೇಲಿನ ರೆಪ್ಪೆಕೂದಲ ಬುಡದಲ್ಲಿ ಚುಕ್ಕೆ ಚುಕ್ಕೆಯಾಗಿ ಒತ್ತಿ ಗೆರೆ ಮಾಡಿಸಿದೆ. ಕಾಜಲ್ ಇಲ್ಲದ ಕಣ್ಣು ಬೋಳು ಅಂತ ಮನೆಯಲ್ಲಿ ಮಾತು ಬಂತು, ಒಪ್ಪುತ್ತೇನೆ. ಆದರೆ ಮೇಲೆ ಹಚ್ಚಿದರೂ ಕಣ್ಣು ತುಂಬಿ ಕಾಣುತ್ತದೆ, ಕೆಳಗಿನ ಕಪ್ಪಿಗೆ ಇನ್ನಷ್ಟು ಕಪ್ಪು ಸೇರಲ್ಲ. ಕಾಂಪ್ಯಾಕ್ಟನ್ನ ಕಣ್ಣಿನ ಕೆಳಗೆ ಪಫ್ ಮೂಲೆಯಿಂದ ಒಂದೇ ಸಲ ಒತ್ತೋದು, ಮಿಕ್ಕಿದ್ದು ಮೂಗು, ಹಣೆಗೆ. ಕಣ್ಣಿನ ಕೆಳಗೆ ಎರಡು ಮೂರು ಸಲ ಹಾಕಿದರೆ ನಕ್ಕಾಗ ಗೆರೆಗಳಲ್ಲಿ ಪೌಡರು ಕೂತು ವಯಸ್ಸು ತೋರಿಸುತ್ತದೆ.

ರೈಲಿನಲ್ಲಿ ಬೆವತಾಗ ಮೊದಲು ಕರ್ಚೀಫು. ಒರೆಸೋದಲ್ಲ, ಒತ್ತಿ ಹೀರಿಸೋದು. ಬೆವರಿನ ಮೇಲೆ ಪೌಡರು ಹಾಕಿದರೆ ಅಲ್ಲಲ್ಲೇ ಗಟ್ಟಿಯಾಗಿ ತೇಪೆ ಬೀಳುತ್ತದೆ.

ಈ ವಾರ

ಬೆಳಗಿನ ಕ್ರಮ ಹತ್ತು ನಿಮಿಷದೊಳಗೆ ಬಂದಿದೆ. ಕರೆಕ್ಟರ್ ಅಳತೆ ಅವಳ ಬೆರಳಿಗೆ ಕೂತಿದೆ. ಒಳಮೂಲೆಯ ಗುಳಿಯ ನೆರಳು ಮಾತ್ರ ಹಾಗೇ ಇದೆ, ಅದು ಹೋಗಲ್ಲ ಅಂತ ಮೊದಲೇ ಹೇಳಿದ್ದೆ. ಅಲ್ಲಿ ಇನ್ನೂ ತಿಳಿ ಶೇಡ್ ಹಚ್ಚೋಣ ಅಂತ ಕೇಳುತ್ತಾಳೆ. ದಿನನಿತ್ಯಕ್ಕೆ ಬೇಡ ಅಂತೀನಿ, ಹಗಲು ಬೆಳಕಲ್ಲಿ ಅದು ತೇಪೆಯಾಗಿ ಕಾಣುತ್ತದೆ.

ಈಗ ಗಮನ ರಾತ್ರಿ ತೆಗೆಯೋದರ ಮೇಲೆ. ಸುಸ್ತಾಗಿ ಬಂದವಳು ಸೋಪು ಹಾಕಿ ಕಣ್ಣುಜ್ಜಿಕೊಳ್ಳುತ್ತಿದ್ದಳು. ಹಾಗೆ ದಿನಾ ಉಜ್ಜಿದರೆ ಕಣ್ಣಿನ ಕೆಳಗಿನ ಕಪ್ಪು ಇನ್ನೂ ಹೆಚ್ಚುತ್ತದೆ. ಹತ್ತಿಗೆ ಮೇಕಪ್ ತೆಗೆಯೋ ಮೈಸೆಲ್ಲರ್ ನೀರು ಹಾಕಿ ಮುಚ್ಚಿದ ಕಣ್ಣಿನ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಒತ್ತಿಹಿಡಿದು, ಕಾಜಲ್ ಸಡಿಲವಾದ ಮೇಲೆ ಕೆಳಕ್ಕೆ ಒರೆಸಿ, ಆಮೇಲೆ ಫೇಸ್‌ವಾಶ್. ಕೊಬ್ಬರಿ ಎಣ್ಣೆ ಸಾಲದಾ ಅಂತ ಚಿಕ್ಕಮ್ಮ ಕೇಳಿದರು. ಕಾಜಲ್ ತೆಗೆಯೋಕೆ ಚೆನ್ನಾಗೇ ಇದೆ, ಆದರೆ ಮುಖಪೂರ್ತಿ ಹಚ್ಚಿದರೆ ಕೆಲವರಿಗೆ ರಂಧ್ರ ಕಟ್ಟಿ ಮೊಡವೆ ಬರುತ್ತದೆ. ಆದ್ದರಿಂದ ಕಣ್ಣಿಗೆ ಮಾತ್ರ ಇಟ್ಟುಕೊಳ್ಳಿ ಅಂದೆ.

ಮುಂಗಾರು ಶುರುವಾದ ಮೇಲೆ ಕಿಟಕಿ ಹತ್ತಿರ ಮತ್ತೆ ಕೂರಿಸಿ ದವಡೆಯ ಮೇಲೆ ಶೇಡ್ ನೋಡಬೇಕು. ಬೇಸಿಗೆಯಲ್ಲಿ ಏರಿದ ಬಣ್ಣ ಅಷ್ಟರಲ್ಲಿ ಇಳಿದಿರಬಹುದು. ಈಗಿನ ಕನ್ಸೀಲರ್ ಆಗ ಗಾಢವಾಗಿ ಕಂಡರೆ ಒಂದು ಶೇಡ್ ತಿಳಿ ತಂದು ಎರಡನ್ನೂ ಬೆರೆಸಿ ಹಚ್ಚೋದು.